ಎದೆಬಿಗಿತ: ಹಳೆಯ ಫೈಲಿನಲ್ಲಿ ‘ಪ್ಯಾನಿಕ್’ ಎಂದು ಬರೆದಿತ್ತು

ಹಳೆ ಮೈಸೂರು ಕಡೆಯ ತಾಲ್ಲೂಕು ಕೇಂದ್ರವೊಂದರ ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ನಡೆದ ಪ್ರಕರಣ ಇದು. ರೋಗಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಕಸುಬು, ಮನೆಯವರ ವಿವರಗಳನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ. ಇಲ್ಲಿ ಆಕೆಯನ್ನು ಲಲಿತಮ್ಮ ಎಂದು ಕರೆಯೋಣ.

ಪ್ಯಾನಿಕ್ ಅಟ್ಯಾಕೋ ಹಾರ್ಟ್ ಅಟ್ಯಾಕೋ ಎಂಬ ಪ್ರಶ್ನೆ ಕ್ಯಾಷುಯಾಲ್ಟಿಗೆ ದಿನವೂ ಬರುತ್ತದೆ. ಲಲಿತಮ್ಮನ ಪ್ರಕರಣವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಆಕೆಗೆ ಮೊದಲು ಪ್ಯಾನಿಕ್ ಬಂತು, ಹತ್ತು ತಿಂಗಳಾದ ಮೇಲೆ ಹೃದಯದ ತೊಂದರೆ ಬಂತು. ಮೊದಲ ಸಲ ಪ್ಯಾನಿಕ್ ಎಂದು ತೀರ್ಮಾನಿಸಿದ್ದು ಸರಿಯಾಗಿಯೇ ಇತ್ತು. ಎರಡನೇ ಸಲ ಆ ಸರಿಯಾದ ತೀರ್ಮಾನವೇ ದಾರಿಗೆ ಅಡ್ಡ ನಿಂತಿತು.

ಮೊದಲ ಸಲ

ಲಲಿತಮ್ಮನಿಗೆ ಆಗ 46 ವರ್ಷ. ಮನೆಯ ಮುಂದಿನ ಕೋಣೆಯಲ್ಲಿ ಟೈಲರಿಂಗ್. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ ಮಾತ್ರೆ. ಬೀಡಿ ಸಿಗರೇಟಿನ ಮಾತೇ ಇಲ್ಲ, ಮೈಕಟ್ಟು ಸಾಧಾರಣ. ಒಂದೂವರೆ ತಿಂಗಳ ಹಿಂದೆ ಅವರ ಒಡಹುಟ್ಟಿದ ತಮ್ಮ, 44ರ ಹರೆಯದವರು, ತೋಟದಲ್ಲಿ ಕೆಲಸ ಮಾಡುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದು, ಆಸ್ಪತ್ರೆ ಸೇರುವ ಮೊದಲೇ ತೀರಿಕೊಂಡಿದ್ದರು.

ರಾತ್ರಿ ಎರಡರ ಸುಮಾರಿಗೆ ನಿದ್ದೆಯಿಂದ ಧಡಕ್ಕನೆ ಎದ್ದರಂತೆ. ಎದೆ ಡವಡವ, ಉಸಿರು ಸಾಲದು, ತುಟಿಯ ಸುತ್ತ ಜುಮುಜುಮು. ‘ನಾನೂ ಅವನ ಹಾಗೇ ಹೋಗ್ತೀನಿ’ ಎಂದು ಒಂದೇ ಸಮನೆ ಅಳು. ಆಟೋದಲ್ಲಿ ಕರೆತಂದಾಗ ಅವರ ಕೈಗಳನ್ನು ನೋಡಿಯೇ ಮನೆಯವರು ಗಾಬರಿಯಾಗಿದ್ದರು: ಮಣಿಕಟ್ಟು ಒಳಕ್ಕೆ ಮಡಿಚಿ, ಬೆರಳುಗಳೆಲ್ಲ ನೆಟ್ಟಗೆ ಒಂದಕ್ಕೊಂದು ಅಂಟಿ, ಹೆಬ್ಬೆರಳು ಅಂಗೈಯೊಳಗೆ ಸೇರಿಕೊಂಡಿತ್ತು. ಬಿಡಿಸಲು ಹೋದರೆ ಬಿಡುತ್ತಿರಲಿಲ್ಲ. ಗಂಡ ‘ಲಕ್ವ ಹೊಡೀತಾ ಸಾರ್?’ ಎಂದು ಕೇಳಿದರು.

ಅದು ಲಕ್ವ ಅಲ್ಲ. ಭಯದಲ್ಲಿ ನಿಮಿಷಕ್ಕೆ ಮೂವತ್ತಕ್ಕೂ ಹೆಚ್ಚು ಸಲ ಉಸಿರಾಡಿದಾಗ ರಕ್ತದಿಂದ ಕಾರ್ಬನ್ ಡೈ ಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಹೋಗುತ್ತದೆ. ರಕ್ತದ ಆಮ್ಲ ಕಡಿಮೆಯಾಗಿ, ಅದರಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಇಳಿಯುತ್ತದೆ. ಆಗ ನರಗಳು ಸುಮ್ಮಸುಮ್ಮನೆ ಕೆರಳಿ, ತುಟಿ ಬೆರಳುಗಳಲ್ಲಿ ಜುಮು ಹಿಡಿಯುತ್ತದೆ, ಕೈ ಸೆಟೆಯುತ್ತದೆ. ಅಂದು ರಾತ್ರಿ ಸಿಸ್ಟರ್ ಪಕ್ಕದಲ್ಲಿ ಕೂತು, ಉಸಿರು ಬಿಡುವುದನ್ನು ಉದ್ದ ಮಾಡಿಸಿ ಎಣಿಸಿದರು. ಸ್ವಲ್ಪ ಹೊತ್ತಿಗೆ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಮುಖಕ್ಕೆ ಕಾಗದದ ಚೀಲ ಹಿಡಿದು ಉಸಿರಾಡಿಸುವ ಹಳೆಯ ಪದ್ಧತಿಯನ್ನು ನಾವು ಬಿಟ್ಟಿದ್ದೇವೆ. ಜೋರು ಉಸಿರಿಗೆ ಕಾರಣ ಹೃದಯಾಘಾತವೋ ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಹೆಪ್ಪೋ ಆಗಿದ್ದರೆ, ಚೀಲ ಇರುವ ಆಮ್ಲಜನಕವನ್ನೂ ಕಡಿಮೆ ಮಾಡುತ್ತದೆ.

ಚಿತ್ರ ನೋಡಿದರೆ ಪ್ಯಾನಿಕ್ ಎನ್ನುವುದು ಎದ್ದು ಕಾಣುತ್ತಿತ್ತು. ಪ್ಯಾನಿಕ್ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಶಿಖರ ಮುಟ್ಟಿ, ಅರ್ಧ ಗಂಟೆಯೊಳಗೆ ಇಳಿಮುಖವಾಗುತ್ತದೆ. ಭಯ, ಜುಮುಜುಮು, ಕೈ ನಡುಕ ಎಲ್ಲ ಒಟ್ಟಿಗೆ ಬರುತ್ತವೆ. ಆದರೆ ಹೃದಯಾಘಾತವಾದವರೂ ಹೆದರುತ್ತಾರೆ, ಹೆದರಿದರೆ ಅವರೂ ಜೋರಾಗಿ ಉಸಿರಾಡುತ್ತಾರೆ, ಅವರ ಬೆರಳೂ ಜುಮ್ಮೆನ್ನಬಹುದು. ನಿದ್ದೆಯಿಂದ ಎಬ್ಬಿಸುವ ಪ್ಯಾನಿಕ್ ಇರುವಂತೆ ನಿದ್ದೆಯಿಂದ ಎಬ್ಬಿಸುವ ಹೃದಯಾಘಾತವೂ ಇದೆ. ಹಾಗಾಗಿ ಚಿತ್ರವನ್ನು ನಂಬಿ ಮನೆಗೆ ಕಳಿಸಲಿಲ್ಲ, ಪರೀಕ್ಷೆಗಳನ್ನೆಲ್ಲ ಮಾಡಿಸಿದೆವು.

ಬಂದ ಹತ್ತು ನಿಮಿಷದೊಳಗೆ ತೆಗೆದ ಇಸಿಜಿಯಲ್ಲಿ ಬಡಿತ 118 ಇತ್ತು, ಬೇರೆ ದೋಷ ಇರಲಿಲ್ಲ. ಬೆರಳಿಗೆ ಹಾಕುವ ಯಂತ್ರದಲ್ಲಿ ಆಮ್ಲಜನಕ 99. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಎರಡು ಸಲ, ಬಂದ ತಕ್ಷಣ ಒಂದು, ಮೂರು ಗಂಟೆ ಬಿಟ್ಟು ಇನ್ನೊಂದು. ಎರಡೂ ತೀರಾ ಕಡಿಮೆ, ಎರಡೂ ಒಂದೇ ಮಟ್ಟ. ಬೆಳಿಗ್ಗೆ ಎಕೋದಲ್ಲಿ ಹೃದಯದ ಗೋಡೆಗಳು ಚೆನ್ನಾಗಿ ಕುಗ್ಗಿ ಹಿಗ್ಗುತ್ತಿದ್ದವು. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸಿದೆವು, ಅವು ಏರುಪೇರಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಮುಂದಿನ ವಾರ ಟಿಎಂಟಿ, ಅಂದರೆ ಓಡುವ ಪಟ್ಟಿಯ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆ. ಅವರ ವಯಸ್ಸಿಗೆ ಬೇಕಾದ ಬಡಿತ ಮುಟ್ಟಿಯೂ ಏನೂ ಕಾಣಿಸಲಿಲ್ಲ.

ಈ ಆಧಾರದ ಮೇಲೆ ಫೈಲಿನಲ್ಲಿ ಪ್ಯಾನಿಕ್ ಡಿಸಾರ್ಡರ್ ಎಂದು ಬರೆದೆವು. ‘ಕಾರಣ: ತಮ್ಮನ ಸಾವು’ ಎಂದೂ ಒಂದು ಸಾಲು ಸೇರಿತು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರು ಎಸ್ಸಿಟಾಲೋಪ್ರಾಮ್ ಶುರು ಮಾಡಿ, ಉಸಿರಿನ ಅಭ್ಯಾಸ ಹೇಳಿಕೊಟ್ಟರು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದದ್ದು ನಾಲ್ಕು ತಿಂಗಳಿಗೆ ಹೆಚ್ಚುಕಡಿಮೆ ನಿಂತೇ ಹೋಯಿತು. ಔಷಧಿಗೆ ಹೀಗೆ ಒಗ್ಗಿದ್ದೂ ರೋಗನಿರ್ಣಯ ಸರಿ ಎನ್ನುವುದಕ್ಕೆ ಒಂದು ಪುರಾವೆಯೇ.

ಆದರೆ ಆ ಟಿಎಂಟಿ ಏನು ಹೇಳಿತ್ತು, ಏನು ಹೇಳಿರಲಿಲ್ಲ ಎನ್ನುವುದನ್ನು ಇಲ್ಲೇ ಸ್ಪಷ್ಟಪಡಿಸಬೇಕು. ರಕ್ತನಾಳ ಸಾಕಷ್ಟು ಕಿರಿದಾಗಿ, ಶ್ರಮಪಟ್ಟಾಗ ಹೃದಯಕ್ಕೆ ರಕ್ತ ಸಾಲದೆ ಹೋದರೆ ಮಾತ್ರ ಆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಗೋಡೆಯಲ್ಲಿ ಕೊಬ್ಬು ಕೂತಿದ್ದೂ ದಾರಿ ಇನ್ನೂ ಅಗಲವಾಗಿದ್ದರೆ ಟಿಎಂಟಿ ನಾರ್ಮಲ್ ಬರುತ್ತದೆ. ಅದೇ ಕೊಬ್ಬಿನ ಪದರ ಮುಂದೊಂದು ದಿನ ಬಿರುಕು ಬಿಟ್ಟು, ಅದರ ಮೇಲೆ ಹೆಪ್ಪು ಕೂತರೆ ದಾರಿ ಏಕಾಏಕಿ ಕಟ್ಟಿಕೊಳ್ಳಬಹುದು. ಹೆಂಗಸರಲ್ಲಂತೂ ಈ ಪರೀಕ್ಷೆ ತಪ್ಪು ಹೇಳುವುದು ಇನ್ನೂ ಹೆಚ್ಚು. ನಾರ್ಮಲ್ ಎಂಬ ವರದಿ ಅಂದಿನ ಸ್ಥಿತಿಗೆ ಸರಿ, ಮುಂದಿನ ವರ್ಷಕ್ಕೆ ಅದು ಜಾಮೀನಲ್ಲ.

(2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತಿದ್ದು ನೆನಪಿರಬಹುದು. ಎದೆನೋವೇ ಇಲ್ಲದೆ ಒಂದು ಇಸಿಜಿ ತೆಗೆಸಿಕೊಂಡು ‘ನಾರ್ಮಲ್’ ಎಂದು ನಿರಾಳವಾಗಿ ಹೋದವರು ಎಷ್ಟೋ ಜನ. ಆ ಕಾಗದಕ್ಕೂ ಇದೇ ಮಿತಿ.)

ಎರಡನೇ ಸಲ

ಹತ್ತು ತಿಂಗಳ ನಂತರ, ರಾತ್ರಿ 9.40ಕ್ಕೆ ಗಂಡ ಮತ್ತು ಮಗಳು ಕರೆತಂದರು. ಮಗಳು ಬಾಗಿಲಲ್ಲೇ ಹೇಳಿದಳು: ‘ಅಮ್ಮಂಗೆ ಮತ್ತೆ ಅದೇ ಬಂದಿದೆ ಡಾಕ್ಟ್ರೇ. ಮಾತ್ರೆ ತಪ್ಪಿಸಿದ್ರು ಅನ್ಸುತ್ತೆ.’ ಮನೆಯಲ್ಲಿ ಜೀರಿಗೆ ಕಷಾಯ ಕುಡಿಸಿ, ಉಸಿರಿನ ಅಭ್ಯಾಸ ಮಾಡಿಸಿ, ಕಡಿಮೆಯಾಗದಿದ್ದಾಗ ಹೊರಟಿದ್ದರು. ನೋವು ಶುರುವಾಗಿದ್ದು ಒಂಬತ್ತಕ್ಕೆ.

ಡ್ಯೂಟಿ ಡಾಕ್ಟರು ಫೈಲು ತರಿಸಿದರು. ಇಸಿಜಿ 9.50ಕ್ಕೆ ತೆಗೆದರು, ಅದರಲ್ಲಿ ಎತ್ತಿ ತೋರಿಸುವಂಥದ್ದೇನೂ ಇರಲಿಲ್ಲ. 9.55ಕ್ಕೆ ತೆಗೆದ ರಕ್ತದಲ್ಲಿ ಟ್ರೋಪೋನಿನ್ 7. ನಮ್ಮ ಲ್ಯಾಬಿನ ಸೂಕ್ಷ್ಮ ಕಿಟ್‌ನಲ್ಲಿ ಹೆಂಗಸರಿಗೆ 16ರ ತನಕ ಸಹಜ. ಒಂದು ಗ್ಯಾಸ್ಟ್ರಿಕ್ ಇಂಜೆಕ್ಷನ್, ಆತಂಕ ತಗ್ಗಿಸುವ ಒಂದು ಸಣ್ಣ ಆಲ್‌ಪ್ರಾಜೋಲಮ್ ಮಾತ್ರೆ ಕೊಟ್ಟ ಮೇಲೆ ಹತ್ತೂಕಾಲಿಗೆ ನೋವು ಪೂರ್ತಿ ಹೋಯಿತು. ಗೊತ್ತಿರುವ ಪ್ಯಾನಿಕ್ ರೋಗಿ, ಇಸಿಜಿ ಸರಿ, ಟ್ರೋಪೋನಿನ್ ಸರಿ, ಮಾತ್ರೆಗೆ ಕಡಿಮೆಯಾಗಿದೆ. ಡಿಸ್ಚಾರ್ಜ್ ಚೀಟಿ ಅರ್ಧ ಬರೆದಾಗಿತ್ತು.

ಈ ನಾಲ್ಕು ಕಾರಣಗಳಲ್ಲಿ ಒಂದೂ ಗಟ್ಟಿಯಲ್ಲ. ಮೊದಲು ಟ್ರೋಪೋನಿನ್ ವಿಚಾರ. ಇದು ಹೃದಯದ ಸ್ನಾಯುವಿನೊಳಗಿರುವ ಪ್ರೋಟೀನು, ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಸೋರಿ, ಅಳೆಯುವಷ್ಟಾಗಲು ಹೊತ್ತು ಬೇಕು. ಲಲಿತಮ್ಮನ ರಕ್ತ ತೆಗೆದಾಗ ನೋವು ಶುರುವಾಗಿ ಒಂದು ಗಂಟೆಯೂ ಆಗಿರಲಿಲ್ಲ. ಅಷ್ಟು ಬೇಗ ತೆಗೆದ ರಕ್ತ ನಾರ್ಮಲ್ ಬಂದರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಹಳೆಯ ಕಾರ್ಡ್ ಟೆಸ್ಟು ಇರುವ ಕಡೆ ಇನ್ನೂ ಎಚ್ಚರ ಬೇಕು. ಗೆರೆ ಮೂಡಿತೇ ಇಲ್ಲವೇ ಎಂದಷ್ಟೇ ತೋರಿಸುವ ಆ ಕಾರ್ಡು ಮೊದಲ ಕೆಲವು ಗಂಟೆಗಳಲ್ಲಿ ಖಾಲಿ ಬರುವುದು ಮಾಮೂಲು, ಅದನ್ನು ಆರು ಗಂಟೆ ಕಳೆದ ಮೇಲೆ ಮತ್ತೆ ಮಾಡಲೇಬೇಕು.

ಇನ್ನು ಮಾತ್ರೆಗೆ ಕಡಿಮೆಯಾಯಿತು ಎನ್ನುವುದು. ಹೃದಯದ ನೋವು ತಾನಾಗಿಯೇ ಬಂದು ಹೋಗಬಹುದು. ಅದು ಹೋಗುವ ಹೊತ್ತಿಗೆ ನಾವು ಏನು ಕೊಟ್ಟಿರುತ್ತೇವೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಗ್ಯಾಸ್ಟ್ರಿಕ್ ಔಷಧಿಗೆ ಕಡಿಮೆಯಾದರೆ ಗ್ಯಾಸು, ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟಿಗೆ ಕಡಿಮೆಯಾದರೆ ಹೃದಯ ಎಂಬ ಲೆಕ್ಕ ಊರೆಲ್ಲ ಚಾಲ್ತಿಯಲ್ಲಿದೆ. ಎರಡೂ ನಂಬಿಕೆಗೆ ಅರ್ಹವಲ್ಲ. ಸಾರ್ಬಿಟ್ರೇಟು ಅನ್ನನಾಳದ ಸೆಳೆತವನ್ನೂ ಸಡಿಲಿಸುತ್ತದೆ.

ಚೀಟಿಗೆ ಸಹಿಯಾಗುವ ಮೊದಲು ನನಗೆ ಫೋನ್ ಬಂತು. ಎದೆನೋವಿನ ಯಾವ ರೋಗಿಯನ್ನೂ ಹಾರ್ಟ್ ಸ್ಕೋರ್ ಲೆಕ್ಕ ಬರೆಯದೆ ಕಳಿಸಬಾರದು ಎಂಬುದು ನಮ್ಮ ಕ್ಯಾಷುಯಾಲ್ಟಿಯ ನಿಯಮ. ನೆದರ್ಲೆಂಡ್ಸ್‌ನ ವೈದ್ಯರು 2008ರಲ್ಲಿ ಪ್ರಕಟಿಸಿದ ಲೆಕ್ಕ ಇದು. ನೋವಿನ ವಿವರ, ಇಸಿಜಿ, ವಯಸ್ಸು, ಅಪಾಯಕಾರಿ ಅಂಶಗಳು, ಟ್ರೋಪೋನಿನ್, ಈ ಐದಕ್ಕೂ ತಲಾ ಸೊನ್ನೆಯಿಂದ ಎರಡು ಅಂಕ. ಒಟ್ಟು ಮೂರರೊಳಗಿದ್ದರೆ ಅಪಾಯ ಕಡಿಮೆ, ನಾಲ್ಕು ಮುಟ್ಟಿದರೆ ಮನೆಗೆ ಕಳಿಸುವಂತಿಲ್ಲ.

ಡ್ಯೂಟಿ ಡಾಕ್ಟರು ಫೋನಿನಲ್ಲಿ ಹೇಳಿದ ಲೆಕ್ಕ ಮೂರು. ನೋವಿನ ವಿವರ ಅರ್ಧಂಬರ್ಧ ಅನುಮಾನದ್ದು, ಒಂದು. ಇಸಿಜಿಗೆ ಸೊನ್ನೆ. ವಯಸ್ಸು 45ರಿಂದ 64ರೊಳಗೆ, ಒಂದು. ಸಕ್ಕರೆ ಮತ್ತು ಬಿಪಿ ಎಂಬ ಎರಡು ಅಪಾಯಕ್ಕೆ ಒಂದು. ಟ್ರೋಪೋನಿನ್ ಸೊನ್ನೆ.

‘ತಮ್ಮ ಏನಾಗಿ ತೀರಿಕೊಂಡಿದ್ದು?’ ಎಂದು ಕೇಳಿದೆ.

‘ಹಾರ್ಟ್ ಅಟ್ಯಾಕ್ ಸಾರ್. ಅದರಿಂದಲೇ ಇವರಿಗೆ ಪ್ಯಾನಿಕ್ ಶುರುವಾಗಿದ್ದು, ಫೈಲಲ್ಲಿದೆ.’

ಫೈಲಿನಲ್ಲಿ ತಮ್ಮನ ಸಾವು ಇತ್ತು, ಆದರೆ ಇದ್ದದ್ದು ಭಯದ ಕಾರಣವಾಗಿ. ಒಡಹುಟ್ಟಿದವರಿಗೆ ಸಣ್ಣ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಅದು ರೋಗಿಯ ಸ್ವಂತ ಅಪಾಯವೂ ಹೌದು. ಅದನ್ನು ಎಣಿಸಿದರೆ ಅಪಾಯಕಾರಿ ಅಂಶಗಳು ಮೂರಾಗುತ್ತವೆ, ಮೂರಾದರೆ ಅಂಕ ಎರಡು. ಒಟ್ಟು ನಾಲ್ಕು. ಡಿಸ್ಚಾರ್ಜ್ ಚೀಟಿ ಅಲ್ಲಿಗೇ ನಿಂತಿತು. ದುಃಖದ ಕಥೆಯೊಳಗೆ ಸೇರಿಹೋದ ವೈದ್ಯಕೀಯ ಸಂಗತಿಯನ್ನು ಯಾರೂ ಬೇರೆ ಮಾಡಿ ನೋಡುವುದಿಲ್ಲ. ಹೃದಯಾಘಾತದ ಸಾವಾದ ಮನೆಯಲ್ಲಿ ಪ್ಯಾನಿಕ್ ಹೆಚ್ಚು ಕಾಣುತ್ತದೆ, ನಿಜವಾದ ಹೃದ್ರೋಗವೂ ಅದೇ ಮನೆಯಲ್ಲೇ ಹೆಚ್ಚು.

ನಾನು ಹೋದ ಮೇಲೆ ಲಲಿತಮ್ಮನನ್ನೇ ಕೂರಿಸಿಕೊಂಡು ಮಾತಾಡಿದೆ. ಆ ತನಕ ಉತ್ತರ ಕೊಟ್ಟಿದ್ದೆಲ್ಲ ಮಗಳು. ಎಲ್ಲಿ ನೋವು ಎಂದಾಗ ಒಂದು ಬೆರಳಿನಿಂದ ತೋರಿಸಲಿಲ್ಲ, ಅಂಗೈ ಅಗಲಿಸಿ ಎದೆಯ ನಡುವೆ ಇಟ್ಟರು. ಇದು ಮೊದಲಿನ ಹಾಗೇ ಇತ್ತಾ ಎಂದು ಕೇಳಿದೆ.

‘ಇಲ್ಲ ಸಾರ್. ಆವಾಗ ಹೆದರಿಕೆ ಮೊದಲು ಬರ್ತಿತ್ತು, ಎದೆ ಆಮೇಲೆ. ಈಗ ಎದೆ ಮೇಲೆ ಭಾರ ಕೂತ್ಕೊಂಡಂಗೆ ಆಯ್ತು, ಹೆದರಿಕೆ ಆಮೇಲೆ ಬಂತು. ಬೆರಳು ಜುಮ್ ಅನ್ಲಿಲ್ಲ. ದವಡೆ ಹಿಡ್ಕೊಂಡಂಗಿತ್ತು.’

ಹಿಂದಿನ ದಿನಗಳಲ್ಲಿ ಏನಾದರೂ? ಮೂರು ದಿನದ ಹಿಂದೆ ಬಟ್ಟೆ ಗಂಟು ಹೊತ್ತು ಮಹಡಿ ಹತ್ತಿದಾಗ ಇದೇ ಭಾರ, ಮೆಟ್ಟಿಲ ಮೇಲೆ ಕೂತರೆ ಹೋಯಿತು. ಮರುದಿನ ನೀರು ಹೊತ್ತಾಗ ಮತ್ತೆ. ಪ್ಯಾನಿಕ್ಕೇ ಇರಬೇಕೆಂದು ಯಾರಿಗೂ ಹೇಳಿರಲಿಲ್ಲ. ‘ಮತ್ತೆ ಶುರು ಮಾಡಿದ್ಲು ಅಂತಾರೆ ಅಂತ’ ಎಂದರು, ಗಂಡನ ಕಡೆ ನೋಡದೆ.

ಶ್ರಮಕ್ಕೆ ಬಂದು ವಿಶ್ರಾಂತಿಗೆ ಹೋಗುವ ಭಾರ, ಮೂರು ದಿನದಲ್ಲಿ ಸುಮ್ಮನೆ ಕೂತಾಗಲೂ ಬರುವಂತಾದದ್ದು. ಈಗ ನೋವಿನ ವಿವರಕ್ಕೆ ಎರಡು ಅಂಕ, ಒಟ್ಟು ಐದು. ಪ್ಯಾನಿಕ್ ಇದ್ದವರ ಹತ್ತಿರ ನೋವು ಹೇಗಿದೆ ಎಂದು ಕೇಳಿದರೆ ಸಾಲದು. ಹಿಂದಿನದಕ್ಕಿಂತ ಏನು ಬೇರೆ ಎಂದು ಕೇಳಬೇಕು. ತಮ್ಮ ಪ್ಯಾನಿಕ್ಕನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ನೋವು ಹೋದ ಮೇಲೆ ಬಂದ ಸಾಕ್ಷಿ

ಹನ್ನೊಂದು ಗಂಟೆಗೆ ಎರಡನೇ ಇಸಿಜಿ ತೆಗೆಸಿದೆವು. ನೋವು ಹೋಗಿ ಮುಕ್ಕಾಲು ಗಂಟೆ ಆಗಿತ್ತು. ‘ನೋವೇ ಇಲ್ವಲ್ಲ, ಈಗ್ಯಾಕೆ?’ ಎಂದು ಗಂಡ ಕೇಳಿದ್ದು ಸಹಜವಾಗಿತ್ತು.

ಇಸಿಜಿಯಲ್ಲಿ ಪ್ರತಿ ಬಡಿತಕ್ಕೂ ಒಂದು ಚೂಪಾದ ಗೆರೆ ಏಳುತ್ತದೆ, ಅದರ ಹಿಂದೆಯೇ ಸಣ್ಣ ಗುಡ್ಡದಂಥ ಒಂದು ಅಲೆ. ಅದಕ್ಕೆ ಟಿ ಅಲೆ ಎನ್ನುತ್ತೇವೆ. ಎದೆಯ ಮುಂಭಾಗದ ವಿ-2, ವಿ-3 ಎಂಬ ಲೀಡುಗಳಲ್ಲಿ ಅದು ಮೇಲ್ಮುಖವಾಗಿರಬೇಕು. 9.50ರ ಕಾಗದದಲ್ಲಿ ಹಾಗೇ ಇತ್ತು. ಹನ್ನೊಂದರ ಕಾಗದದಲ್ಲಿ ಅಲೆ ಮೇಲೆ ಎದ್ದು, ಕೊನೆಯಲ್ಲಿ ಗೆರೆಯ ಕೆಳಕ್ಕೆ ಮುಳುಗಿತ್ತು. ಸಣ್ಣ ಬದಲಾವಣೆ. ಎರಡೂ ಕಾಗದಗಳನ್ನು ಪಕ್ಕಪಕ್ಕ ಇಡದಿದ್ದರೆ ಕಣ್ಣಿಗೆ ಬೀಳುತ್ತಿರಲಿಲ್ಲವೇನೋ.

ಇದಕ್ಕೆ ವೆಲೆನ್ಸ್ ಸಿಂಡ್ರೋಮ್ ಎಂದು ಹೆಸರು. 1982ರಲ್ಲಿ ಡಚ್ ಹೃದ್ರೋಗ ತಜ್ಞ ಹೈನ್ ವೆಲೆನ್ಸ್ ಮತ್ತು ಸಂಗಡಿಗರು ಇದನ್ನು ಗುರುತಿಸಿ ಬರೆದರು. ಹೃದಯದ ಮುಂಗೋಡೆಗೆ ರಕ್ತ ಒಯ್ಯುವ ದೊಡ್ಡ ನಾಳ, ನಾವು ಎಲ್‌ಎಡಿ ಎನ್ನುವುದು, ಬುಡದ ಹತ್ತಿರವೇ ತೀರಾ ಕಿರಿದಾಗಿದೆ ಎಂಬುದಕ್ಕೆ ಇದು ಸೂಚನೆ. ಇದರ ವಿಚಿತ್ರವೆಂದರೆ ನೋವಿದ್ದಾಗ ಇಸಿಜಿ ಸರಿಯಿದ್ದಂತೆ ಕಾಣಬಹುದು, ನೋವು ಹೋದ ಮೇಲೆ ಕೆಡುತ್ತದೆ. ನಾಳ ಮುಚ್ಚಿಕೊಂಡಾಗ ಟಿ ಅಲೆ ಮೇಲಕ್ಕೇಳುತ್ತದೆ. ದಾರಿ ತೆರೆದು ರಕ್ತ ಮತ್ತೆ ಹರಿದಾಗ ನೋವು ನಿಲ್ಲುತ್ತದೆ, ಆ ಚೇತರಿಕೆಯ ಗುರುತಾಗಿ ಅಲೆ ಕೆಳಕ್ಕೆ ತಿರುಗುತ್ತದೆ. ಲಲಿತಮ್ಮನಿಗೆ ಹತ್ತೂಕಾಲಿಗೆ ಸಿಕ್ಕ ಆರಾಮ ಮಾತ್ರೆಯದಲ್ಲ, ನಾಳ ತಾನಾಗಿ ತೆರೆದುಕೊಂಡಿದ್ದರದ್ದು. ಹಾಗೆ ತೆರೆದದ್ದು ಮತ್ತೆ ಯಾವಾಗ ಬೇಕಾದರೂ ಮುಚ್ಚಬಹುದಿತ್ತು.

ಒಂದು ಅನುಮಾನ ಉಳಿದಿತ್ತು. ಜೋರಾಗಿ ಉಸಿರಾಡಿದರೂ ಕೆಲವರಲ್ಲಿ ಟಿ ಅಲೆ ತಿರುಗುತ್ತದೆ, ಪ್ಯಾನಿಕ್ ರೋಗಿಯಲ್ಲಿ ಅದನ್ನು ಮರೆಯುವಂತಿಲ್ಲ. ಆದರೆ ಹನ್ನೊಂದು ಗಂಟೆಗೆ ಆಕೆಯ ಉಸಿರು ನಿಮಿಷಕ್ಕೆ 16, ಆರಾಮಾಗಿ ಮಲಗಿದ್ದರು. ಜೊತೆಗೆ ಹಳೆಯ ಫೈಲಿನಲ್ಲಿ ಹತ್ತು ತಿಂಗಳ ಹಿಂದಿನ, ಬೆರಳು ಸೆಟೆಯುವಷ್ಟು ಉಸಿರಾಡುತ್ತಿದ್ದಾಗಿನ ಇಸಿಜಿ ಇತ್ತು. ಅದರಲ್ಲಿ ಈ ಅಲೆಗಳು ನೆಟ್ಟಗೆ ಮೇಲ್ಮುಖವಾಗಿದ್ದವು. ಅಷ್ಟು ಜೋರು ಉಸಿರಿಗೂ ತಿರುಗದ ಅಲೆ ಈಗ ತಣ್ಣಗೆ ಮಲಗಿದ್ದಾಗ ತಿರುಗಿದೆ ಎಂದರೆ ಕಾರಣ ಉಸಿರಲ್ಲ. ಹಳೆಯ ಇಸಿಜಿ ಕಾಗದಗಳನ್ನು ಜೋಪಾನ ಮಾಡಿ ಎಂದು ನಾವು ಪ್ರತಿಯೊಬ್ಬರಿಗೂ ಹೇಳುವುದು ಇಂಥ ಹೊತ್ತಿಗಾಗಿ. ಇಸಿಜಿಯ ಥರ್ಮಲ್ ಕಾಗದದ ಮೇಲಿನ ಗೆರೆ ಕಾಲಕ್ರಮೇಣ ಮಾಸುತ್ತದೆ, ಅಂದೇ ಮೊಬೈಲಿನಲ್ಲಿ ಫೋಟೋ ತೆಗೆದಿಡುವುದು ಒಳ್ಳೆಯದು.

12.55ಕ್ಕೆ ಎರಡನೇ ಟ್ರೋಪೋನಿನ್ 13 ಬಂತು. ವರದಿಯಲ್ಲಿ ಪಕ್ಕಕ್ಕೆ ‘ಸಹಜ’ ಎಂದೇ ಮುದ್ರಿಸಿತ್ತು, 16 ದಾಟಿರಲಿಲ್ಲವಲ್ಲ. ಆದರೆ ಮೂರು ಗಂಟೆಯಲ್ಲಿ ಏಳರಿಂದ ಹದಿಮೂರು, ಹೆಚ್ಚುಕಡಿಮೆ ದುಪ್ಪಟ್ಟು. ಹತ್ತು ತಿಂಗಳ ಹಿಂದೆ ಎರಡೂ ಸಲ ಒಂದೇ ಮಟ್ಟದಲ್ಲಿತ್ತು. ಗೆರೆ ದಾಟಿತೇ ಎಂಬುದರಷ್ಟೇ, ಕದಲಿತೇ ಎಂಬುದೂ ಮುಖ್ಯ. ಒಂದೇ ಒಂದು ಸಲ ಅಳೆದರೆ ಕದಲಿದ್ದು ಗೊತ್ತಾಗುವುದಿಲ್ಲ. ಇನ್ನೊಂದು ಮಾತು: ನಾಳ ಅಪಾಯಕರವಾಗಿ ಕಿರಿದಾಗಿದ್ದೂ ಸ್ನಾಯು ಇನ್ನೂ ಸಾಯದಿದ್ದರೆ ಟ್ರೋಪೋನಿನ್ ಏರದೆಯೇ ಇರಬಹುದು. ಹೃದಯಾಘಾತಕ್ಕೆ ಮೊದಲಿನ ಈ ಹಂತಕ್ಕೆ ಅಸ್ಥಿರ ಆಂಜೈನಾ ಎನ್ನುತ್ತಾರೆ. ಅದನ್ನು ಹಿಡಿಯುವುದು ನೋವಿನ ವಿವರ ಮತ್ತು ಮತ್ತೆ ಮತ್ತೆ ತೆಗೆದ ಇಸಿಜಿ.

ಇಲ್ಲಿಗೆ ಇನ್ನೊಂದು ಕವಲು ಬಂತು. ರಾತ್ರಿ ಇಟ್ಟುಕೊಂಡು ಬೆಳಿಗ್ಗೆ ಟಿಎಂಟಿ ಮಾಡಿಸೋಣವೇ ಎಂದು ಡ್ಯೂಟಿ ಡಾಕ್ಟರು ಕೇಳಿದರು. ಬೇರೆ ರೋಗಿಯಾಗಿದ್ದರೆ, ಇಸಿಜಿ ಕದಲದೆ ಟ್ರೋಪೋನಿನ್ ಸಮತಟ್ಟಾಗಿದ್ದರೆ, ಅದು ಸರಿಯಾದ ಮುಂದಿನ ಹೆಜ್ಜೆಯೇ. ಈ ಅಲೆ ಕಂಡ ಮೇಲೆ ರೋಗಿಯನ್ನು ಓಡಿಸುವುದೆಂದರೆ, ಕೂದಲೆಳೆಯಷ್ಟು ತೆರೆದಿರುವ ನಾಳ ಪಟ್ಟಿಯ ಮೇಲೆಯೇ ಮುಚ್ಚಿಕೊಳ್ಳುವ ಅಪಾಯ. ಟಿಎಂಟಿ ಕೈಬಿಟ್ಟೆವು. ಇಂಥವರಿಗೆ ನೇರವಾಗಿ ಆಂಜಿಯೋಗ್ರಾಂ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬಗ್ಗೆ ಗಂಡ ವಿಚಾರಿಸಿದರು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದ ಆ ಇಂಜೆಕ್ಷನ್ ಹೆಸರು ಈಗ ಹಳ್ಳಿಗಳಲ್ಲೂ ಗೊತ್ತು. ಅದು ನಾಳ ಪೂರ್ತಿ ಮುಚ್ಚಿ ಇಸಿಜಿಯಲ್ಲಿ ಎಸ್‌ಟಿ ಭಾಗ ಮೇಲೆದ್ದ ಹೃದಯಾಘಾತಕ್ಕೆ ಮಾತ್ರ. ಇಲ್ಲಿ ಕೊಟ್ಟರೆ ಲಾಭವಿಲ್ಲ, ರಕ್ತಸ್ರಾವದ ಅಪಾಯ ಮಾತ್ರ ಇರುತ್ತಿತ್ತು.

ಆಸ್ಪಿರಿನ್ ಅಗಿಸಿ, ಎರಡನೇ ರಕ್ತ ತೆಳುಮಾಡುವ ಮಾತ್ರೆ, ಅಟೋರ್ವಾಸ್ಟಾಟಿನ್, ಹೊಟ್ಟೆಗೆ ಹೆಪಾರಿನ್ ಜಾತಿಯ ಇಂಜೆಕ್ಷನ್ ಕೊಟ್ಟು ಒಂದೂವರೆಗೆ ಆಂಬ್ಯುಲೆನ್ಸಿನಲ್ಲಿ ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬ್ ಇರುವ ಊರಿಗೆ ಕಳಿಸಿದೆವು. ಬೆಳಗಿನ ಇಸಿಜಿಯಲ್ಲಿ ವಿ-1ರಿಂದ ವಿ-4ರ ತನಕ ಅಲೆಗಳು ಆಳವಾಗಿ ತಲೆಕೆಳಗಾಗಿದ್ದವು, ಈಗ ಯಾರು ನೋಡಿದರೂ ಹೇಳಬಹುದಿತ್ತು. ಮೂರನೇ ಟ್ರೋಪೋನಿನ್ 15, ಕೊನೆಗೂ 16 ದಾಟಲೇ ಇಲ್ಲ. ಆಂಜಿಯೋಗ್ರಾಂನಲ್ಲಿ ಎಲ್‌ಎಡಿಯ ಬುಡದಲ್ಲಿ ಶೇಕಡಾ 90ರಷ್ಟು ಅಡಚಣೆ. ಒಂದು ಸ್ಟೆಂಟ್ ಹಾಕಿದರು. ಎಕೋದಲ್ಲಿ ಸ್ನಾಯುವಿಗೆ ಹಾನಿಯಾಗಿರಲಿಲ್ಲ.

ಎರಡೂ ಇರುವವರ ಲೆಕ್ಕ

ಸ್ಟೆಂಟ್ ಹಾಕಿದ್ದರಿಂದ ಪ್ಯಾನಿಕ್ ಹೋಗುವುದಿಲ್ಲ. ಮನೆಗೆ ಬಂದ ಎರಡನೇ ವಾರಕ್ಕೇ ಶುರುವಾಯಿತು. ಈಗ ಪ್ರಶ್ನೆ ಮೊದಲಿಗಿಂತ ಕಷ್ಟದ್ದು, ಎರಡೂ ರೋಗ ಇರುವುದು ಸಾಬೀತಾಗಿದೆ. ಮೇಲಾಗಿ ತಲೆಕೆಳಗಾದ ಟಿ ಅಲೆ ವಾರಗಟ್ಟಲೆ ಹಾಗೇ ಉಳಿಯಬಹುದು. ಆ ಕಾಗದವನ್ನು ಹೊಸಬರು ಯಾರಾದರೂ ನೋಡಿದರೆ ಮತ್ತೆ ಹೃದಯಾಘಾತ ಎಂದೇ ಹೇಳುತ್ತಾರೆ.

ಅದಕ್ಕಾಗಿ ಮೊದಲಿಗೆ ಡಿಸ್ಚಾರ್ಜ್ ದಿನದ ಇಸಿಜಿಯ ಪ್ರತಿಯನ್ನು ಮಡಿಸದೆ ಕವರಿನಲ್ಲಿ ಹಾಕಿ, ಫೋಟೋವನ್ನು ಗಂಡ ಮತ್ತು ಮಗಳ ಮೊಬೈಲಿನಲ್ಲಿ ಇರಿಸಿದೆವು. ಇನ್ನು ಮುಂದೆ ಹೋಲಿಕೆ ಈ ಕಾಗದದೊಂದಿಗೆ. ಫೈಲಿನ ಮೊದಲ ಪುಟದಲ್ಲಿ ‘ಪ್ಯಾನಿಕ್ ಡಿಸಾರ್ಡರ್’ ಇದ್ದ ಜಾಗದಲ್ಲಿ ಎರಡೂ ರೋಗಗಳನ್ನು ಬರೆದು, ತಮ್ಮನ ವಿಷಯವನ್ನು ಕುಟುಂಬದ ಇತಿಹಾಸದ ಕಲಮಿಗೆ ಸೇರಿಸಿದೆವು. ಮನೋವೈದ್ಯರು ಎಸ್ಸಿಟಾಲೋಪ್ರಾಮ್ ಬದಲಿಗೆ ಸೆರ್ಟ್ರಲಿನ್ ಕೊಟ್ಟರು. ಹೃದ್ರೋಗಿಗಳಲ್ಲಿ ಅದನ್ನು ಪರೀಕ್ಷಿಸಿ ನೋಡಿದ ಅನುಭವ ಹೆಚ್ಚು. ಈ ಗುಂಪಿನ ಮಾತ್ರೆಗಳು ಆಸ್ಪಿರಿನ್ ಜೊತೆ ಸೇರಿದಾಗ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ, ಅದಕ್ಕೊಂದು ರಕ್ಷಣೆಯ ಮಾತ್ರೆಯೂ ಸೇರಿತು.

ಮನೆಯವರಿಗೆ ಹೇಳಿದ್ದು ಇಷ್ಟು. ಬಿಗಿತ ಬಂದಾಗ ಇದು ಯಾವುದು ಎಂದು ಮನೆಯಲ್ಲಿ ನಿರ್ಧರಿಸಲು ಹೋಗಬೇಡಿ, ನಮಗೇ ಎರಡು ಇಸಿಜಿ, ಎರಡು ರಕ್ತಪರೀಕ್ಷೆ ಬೇಕಾಯಿತು. ಕೂರಿಸಿ. ಉಸಿರಿನ ಅಭ್ಯಾಸ ಮಾಡಿಸಿ, ಅದರಿಂದ ಯಾವುದಕ್ಕೂ ತೊಂದರೆಯಿಲ್ಲ, ಆದರೆ ಹೊರಡುವುದನ್ನು ಅದಕ್ಕಾಗಿ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ, ಬೈಕಿನಲ್ಲಿ ಕೂರಿಸಿಕೊಂಡು ಬರಬೇಡಿ. ನೋವು ದಾರಿಯಲ್ಲೇ ನಿಂತರೂ ವಾಪಸ್ ಹೋಗಬೇಡಿ, ಬಂದು ಇಸಿಜಿ ತೆಗೆಸಿ. ‘ಸುಮ್ಮಸುಮ್ಮನೆ ಎಷ್ಟು ಸಲ ಬರೋದು ಸಾರ್?’ ಎಂದು ಗಂಡ ಕೇಳಿದರು. ಸುಮ್ಮನೆ ಬಂದದ್ದು ಎಂದು ಗೊತ್ತಾಗುವುದೂ ಬಂದ ಮೇಲೆಯೇ ಎಂದೆ. ಅವರಿಗೆ ಪೂರ್ತಿ ಸಮಾಧಾನ ಆದಂತೆ ಕಾಣಲಿಲ್ಲ, ಬಾಡಿಗೆ ಗಾಡಿಯ ಖರ್ಚು ಅವರದೇ ತಾನೆ.

ಐದು ತಿಂಗಳ ನಂತರ ಒಂದು ರಾತ್ರಿ ಮತ್ತೆ ಬಂದರು. ಭಯ ಮೊದಲು ಬಂದಿತ್ತು, ತುಟಿ ಜುಮ್ಮೆನ್ನುತ್ತಿತ್ತು, ಬೆರಳು ಸೆಟೆಯಲು ಶುರುವಾಗಿತ್ತು. ‘ಇದು ಹಳೇದು ಸಾರ್’ ಎಂದು ಅವರೇ ಹೇಳಿದರು. ಆದರೂ ಸ್ಟೆಂಟ್ ಇರುವವರಿಗೆ ಸ್ಕೋರ್ ಎಂದೂ ಸೊನ್ನೆಗಿಳಿಯುವುದಿಲ್ಲ, ರೋಗ ಸಾಬೀತಾಗಿರುವುದಕ್ಕೇ ಎರಡು ಅಂಕ. ಬಂದ ತಕ್ಷಣ ಒಂದು, ಅರ್ಧ ಗಂಟೆಗೆ ಒಂದು, ಆರಾಮಾದ ಮೇಲೆ ಒಂದು ಇಸಿಜಿ. ಅಷ್ಟು ಹೊತ್ತಿಗೆ ಟಿ ಅಲೆಗಳು ಮೇಲ್ಮುಖವಾಗಿ ಮರಳಿದ್ದವು, ಮೂರೂ ಕಾಗದದಲ್ಲಿ ಹಾಗೇ ಇದ್ದವು. ಟ್ರೋಪೋನಿನ್ ಮೊದಲು 5, ಮೂರು ಗಂಟೆಗೂ 5. ಹೃದ್ರೋಗ ತಜ್ಞರಿಗೆ ಫೋಟೋ ಕಳಿಸಿ ಒಪ್ಪಿಗೆ ಪಡೆದು ಬೆಳಗಿನ ಜಾವ ಮನೆಗೆ ಕಳಿಸಿದೆವು. ಮಂಗಳವಾರ ಮನೋವೈದ್ಯರು ಸೆರ್ಟ್ರಲಿನ್ ಪ್ರಮಾಣವನ್ನು 50ರಿಂದ 100 ಮಿಲಿಗ್ರಾಂಗೆ ಏರಿಸಿದರು.